15 ಅಂಕದ ಉತ್ತರ ಮತ್ತು ರಸ್ತೆಯ ಕೆಳಗಿನ ಜಲ್ಲಿ

ಸಿವಿಲ್ ಸರ್ವೀಸಸ್ ಮೇನ್ಸ್‌ಗೆ ಎರಡನೇ ವರ್ಷದಿಂದಲೇ ತಯಾರಿ ಶುರು ಮಾಡಿದವರು ನಮ್ಮಲ್ಲಿ ಕಡಿಮೆ ಇಲ್ಲ. ಅವರ ನಡುವೆ ಓಡಾಡುವ ಮಾದರಿ ಉತ್ತರಗಳ ಜೆರಾಕ್ಸ್‌ನಲ್ಲಿ ಒಂದು ಪ್ರಶ್ನೆ ಇದ್ದೇ ಇರುತ್ತೆ: 'ಸ್ಥಳೀಯ ಸಂಸ್ಥೆಗಳಿಗೆ ಅಧಿಕಾರ ವಿಕೇಂದ್ರೀಕರಣ ಮಾಡುವುದರಿಂದ ಸರ್ಕಾರದ ಉತ್ತರದಾಯಿತ್ವ ಹೆಚ್ಚುತ್ತದೆಯೇ? ಚರ್ಚಿಸಿ.' 15 ಅಂಕ, 250 ಪದ. ಅದರ ಕೆಳಗಿರುವ ಉತ್ತರವೂ ಎಲ್ಲರಿಗೂ ಬಾಯಿಪಾಠ. 73 ಮತ್ತು 74ನೇ ತಿದ್ದುಪಡಿ, ಗ್ರಾಮ ಸ್ವರಾಜ್ಯ, ಐದು ಅನುಕೂಲ, ಐದು ಅನನುಕೂಲ, ಕೊನೆಗೆ 'ಮುಂದಿನ ದಾರಿ'.

ನಮ್ಮ ತಕರಾರು ಇಷ್ಟೇ: ಈ ಉತ್ತರ ಕೇಳಿದ ಪ್ರಶ್ನೆಗೆ ಬರೆದದ್ದಲ್ಲ. ವಿಕೇಂದ್ರೀಕರಣ ಒಳ್ಳೆಯದೋ ಕೆಟ್ಟದ್ದೋ ಅಂತ ಯಾರೂ ಕೇಳಿಲ್ಲ. ಕೇಳಿರೋದು ಉತ್ತರದಾಯಿತ್ವದ ಬಗ್ಗೆ. ಅಂದ್ರೆ, ಕೆಲಸ ಕೆಟ್ಟಾಗ ಜನ ಯಾರನ್ನೋ ಹಿಡಿದು ಕೇಳಬಹುದಾ, ಕೇಳಿದರೆ ಅವರು ಉತ್ತರ ಕೊಡಲೇಬೇಕಾಗುತ್ತಾ ಅನ್ನೋದು. ಇದಕ್ಕೆ ಎರಡು ಷರತ್ತು ಬೇಕು. ನಾವು ವೋಟು ಹಾಕುವ ವ್ಯಕ್ತಿಯ ಕೈಯಲ್ಲೇ ಆ ಕೆಲಸ ಇರಬೇಕು. ಅವರು ಮಾಡಿದ್ದನ್ನು ಪರೀಕ್ಷಿಸಿ ನೋಡಲು ದಾರಿ ಇರಬೇಕು. ಹಾಗಾಗಿ ಉತ್ತರದ ಮೊದಲ ವಾಕ್ಯ ಹೀಗಿರಲಿ: 'ವಿಕೇಂದ್ರೀಕರಣದಿಂದ ಉತ್ತರದಾಯಿತ್ವ ತಾನಾಗಿ ಹೆಚ್ಚುವುದಿಲ್ಲ; ಚುನಾಯಿತರ ಕೈಯಲ್ಲಿ ಕೆಲಸವೂ ಜನರ ಕೈಯಲ್ಲಿ ಲೆಕ್ಕವೂ ಇದ್ದಾಗ ಮಾತ್ರ ಹೆಚ್ಚುತ್ತದೆ.' ಉಳಿದ ಉತ್ತರವೆಲ್ಲ ಈ ವಾಕ್ಯಕ್ಕೆ ಸಾಕ್ಷಿ ಒದಗಿಸಬೇಕು.

ಮೊದಲ ಷರತ್ತಿಗೆ ಸಾಕ್ಷಿ ಹುಡುಕಿಕೊಂಡು ದೂರ ಹೋಗಬೇಕಿಲ್ಲ, ನಲ್ಲಿ ತಿರುಗಿಸಿದರೆ ಸಾಕು. ಹಳ್ಳಿಯಲ್ಲಿ ನೀರು ಬಿಡುವವನು ಗ್ರಾಮ ಪಂಚಾಯಿತಿಯ ನೀರುಗಂಟಿ. ಎರಡು ದಿನ ನೀರು ಬರದಿದ್ದರೆ ಜನ ಪಂಚಾಯಿತಿ ಸದಸ್ಯರ ಮನೆ ಮುಂದೆ ಕೊಡ ಇಟ್ಟುಕೊಂಡು ನಿಲ್ತಾರೆ. ಸದಸ್ಯರು ತಪ್ಪಿಸಿಕೊಳ್ಳೋ ಹಾಗಿಲ್ಲ, ಯಾಕಂದ್ರೆ ನೀರು ಕೊಡುವುದು ಪಂಚಾಯಿತಿಯ ಕೆಲಸ ಅಂತ ಎಲ್ಲರಿಗೂ ಗೊತ್ತು. ಬೆಂಗಳೂರಿಗೆ ಬಂದರೆ ಕಥೆ ಬೇರೆ. ಇಲ್ಲಿ ನೀರು ಕೊಡುವುದು 1964ರಲ್ಲಿ ಹುಟ್ಟಿದ ಜಲಮಂಡಳಿ. ಅದರ ಅಧ್ಯಕ್ಷರನ್ನು ನೇಮಿಸುವುದು ರಾಜ್ಯ ಸರ್ಕಾರ. ಬಸ್ಸು, ಕರೆಂಟು ಕೂಡ ರಾಜ್ಯದ ಸಂಸ್ಥೆಗಳದ್ದೇ. ಪೈಪ್ ಹಾಕೋಕೆ ಒಬ್ಬರು ರಸ್ತೆ ಅಗೆದರೆ ಅದನ್ನು ಮುಚ್ಚಬೇಕಾದವರು ಇನ್ನೊಬ್ಬರು. ಕಾರ್ಪೊರೇಟರ್‌ನ ಕೇಳಿದರೆ 'ಅದು ನಮ್ಮ ಕೈಲಿಲ್ಲ' ಅಂತಾರೆ. ಬೇಜಾರಿನ ವಿಷಯ ಅಂದ್ರೆ, ಅವರು ಹೇಳೋದು ನಿಜ.

ಸಾಲದು ಅಂತ 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಕೌನ್ಸಿಲ್‌ನ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಸರ್ಕಾರ ನೇಮಿಸಿದ ಆಡಳಿತಾಧಿಕಾರಿಯೇ ಪಾಲಿಕೆ ನಡೆಸಿದರು. ಐದು ವರ್ಷ ಮುಗಿಯುವ ಮೊದಲೇ ಚುನಾವಣೆ ಮುಗಿಸಬೇಕು ಅಂತ ಸಂವಿಧಾನದಲ್ಲೇ ಇದೆ, ಆದರೂ ಹೀಗಾಯಿತು. 'ಸ್ಥಳೀಯ ಸಂಸ್ಥೆ' ಅನ್ನೋ ಬೋರ್ಡು ಇತ್ತು, ಕೇಳೋದಕ್ಕೆ ಸ್ಥಳೀಯರು ಆರಿಸಿದ ಮನುಷ್ಯ ಇರಲಿಲ್ಲ. ಉತ್ತರದಲ್ಲಿ ಈ ಹೋಲಿಕೆಗೆ ನಾಲ್ಕು ಸಾಲು ಕೊಟ್ಟರೆ ಐದು ಅನುಕೂಲಗಳ ಪಟ್ಟಿಗಿಂತ ಹೆಚ್ಚು ಹೇಳಿದ ಹಾಗಾಗುತ್ತೆ.

ಎರಡನೇ ಷರತ್ತು, ಪರೀಕ್ಷಿಸಿ ನೋಡುವುದು. ನಮ್ಮಂಥ ಎಂಜಿನಿಯರಿಂಗ್‌ನವರಿಗೆ ಇಷ್ಟವಾಗುವ ಸಾಕ್ಷಿ ಇರೋದು ಇಲ್ಲೇ. ಬೆಂಜಮಿನ್ ಓಲ್ಕೆನ್ ಅನ್ನೋ ಅರ್ಥಶಾಸ್ತ್ರಜ್ಞ 2003-04ರಲ್ಲಿ ಇಂಡೋನೇಷ್ಯಾದ ಜಾವಾ ದ್ವೀಪದ 608 ಹಳ್ಳಿಗಳಲ್ಲಿ ಒಂದು ಪ್ರಯೋಗ ಮಾಡಿದರು. ಅಲ್ಲಿ ರಸ್ತೆ ಹಾಕೋ ದುಡ್ಡು ನೇರ ಹಳ್ಳಿಗೇ ಬರುತ್ತಿತ್ತು, ಹಳ್ಳಿಯವರೇ ರಸ್ತೆ ಹಾಕಿಸಬೇಕಿತ್ತು. ಪಕ್ಕಾ ವಿಕೇಂದ್ರೀಕರಣ. ಹಾಗಿದ್ದರೆ ಕದ್ದದ್ದು ಎಷ್ಟು? ಅದನ್ನು ತಿಳಿಯೋಕೆ ಅವರು ಜನರ ಅಭಿಪ್ರಾಯ ಕೇಳಿ ಸುಮ್ಮನಾಗಲಿಲ್ಲ. ಎಂಜಿನಿಯರುಗಳನ್ನು ಕಳಿಸಿ ಮುಗಿದ ರಸ್ತೆಗಳನ್ನು ಅಲ್ಲಲ್ಲಿ ಅಗೆಸಿದರು. ಒಳಗೆ ನಿಜವಾಗಿ ಎಷ್ಟು ಮರಳು, ಎಷ್ಟು ಜಲ್ಲಿ ಇದೆ ಅಂತ ಅಳೆದು, ಆ ಊರಿನ ದರದಿಂದ ಗುಣಿಸಿ, ಹಳ್ಳಿಯವರು ತೋರಿಸಿದ ಖರ್ಚಿನ ಜೊತೆ ಹೋಲಿಸಿದರು. ಕಟ್ಟುವಾಗ ಒಂದಿಷ್ಟು ಸಾಮಾನು ಸಹಜವಾಗಿಯೇ ಪೋಲಾಗುತ್ತೆ ಅಲ್ವಾ? ಅದು ಎಷ್ಟು ಅಂತ ತಿಳಿಯೋಕೆ ತಾವೇ ಕೆಲವು ಸಣ್ಣ ರಸ್ತೆಗಳನ್ನು ಹಾಕಿಸಿ ನೋಡಿದ್ದರು. ನಾವು ಲ್ಯಾಬ್‌ನಲ್ಲಿ ಮಾಡುವ ಕ್ಯಾಲಿಬ್ರೇಶನ್ ಇದೇ ತಾನೆ.

ಹಳ್ಳಿಗಳನ್ನು ಲಾಟರಿ ಎತ್ತಿದಂತೆ ಗುಂಪು ಮಾಡಲಾಗಿತ್ತು. ಕೆಲವು ಹಳ್ಳಿಗಳಿಗೆ 'ನಿಮ್ಮ ಕಾಮಗಾರಿಗೆ ಸರ್ಕಾರಿ ಆಡಿಟ್ ಖಂಡಿತ ಆಗುತ್ತೆ' ಅಂತ ಮೊದಲೇ ಹೇಳಿದರು. ಮಾಮೂಲಿನಲ್ಲಿ ಆಡಿಟ್ ಆಗುವ ಸಾಧ್ಯತೆ ಶೇ. 4 ಮಾತ್ರ ಇತ್ತು. ಇನ್ನು ಕೆಲವು ಹಳ್ಳಿಗಳಲ್ಲಿ ಲೆಕ್ಕ ಒಪ್ಪಿಸುವ ಸಭೆಗೆ ನೂರಾರು ಜನರಿಗೆ ಆಹ್ವಾನ ಪತ್ರ ಹಂಚಿದರು.

ಫಲಿತಾಂಶ ನೋಡಿ. ಆಡಿಟ್ ಖಚಿತವಿದ್ದ ಹಳ್ಳಿಗಳಲ್ಲಿ ಪ್ರತಿ 100 ರೂಪಾಯಿ ಖರ್ಚಿಗೆ ಸುಮಾರು 8 ರೂಪಾಯಿಯಷ್ಟು ಸೋರಿಕೆ ಕಡಿಮೆಯಾಯಿತು. ಆಹ್ವಾನ ಹಂಚಿದ ಕಡೆ ಸಭೆಗೆ ಜನ ಹೆಚ್ಚು ಬಂದರು, ಆದರೆ ಒಟ್ಟು ಸೋರಿಕೆ ಹೆಚ್ಚೇನೂ ಬದಲಾಗಲಿಲ್ಲ. ಕೂಲಿ ದುಡ್ಡಿನ ಕಳ್ಳತನ ಇಳಿಯಿತು, ಸಾಮಗ್ರಿಯ ಕಳ್ಳತನ ಹಾಗೇ ಉಳಿಯಿತು. ಕಾರಣ ಊಹಿಸೋದು ಕಷ್ಟ ಇಲ್ಲ. ತನ್ನ ಕೂಲಿ ಕೈಗೆ ಬಂತಾ ಇಲ್ವಾ ಅಂತ ಪ್ರತಿಯೊಬ್ಬನಿಗೂ ಗೊತ್ತು. ರಸ್ತೆಯ ಕೆಳಗೆ ಜಲ್ಲಿ ಎಷ್ಟಿದೆ ಅಂತ ಅಗೆಯದೆ ಯಾರಿಗೆ ಗೊತ್ತಾಗುತ್ತೆ?

ಹಾಗಂತ ಆಡಿಟ್ ಒಂದೇ ಮದ್ದು ಅಂತ ಬರೆದುಬಿಡಬಾರದು. ಅದೇ ಪ್ರಯೋಗದಲ್ಲಿ, ಆಡಿಟ್ ಬರುತ್ತೆ ಅಂತ ಗೊತ್ತಿದ್ದ ಹಳ್ಳಿಗಳಲ್ಲಿ ಮುಖಂಡರ ನೆಂಟರಿಷ್ಟರಿಗೆ ಕೆಲಸ ಸಿಕ್ಕಿದ್ದು ಹೆಚ್ಚಾಯಿತು. ಕದಿಯೋಕೆ ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ಹುಡುಕಿದರು. ಯಾರಿಗೆ ಕೆಲಸ ಕೊಟ್ಟರು ಅನ್ನೋದು ರಸ್ತೆ ಅಳೆಯುವವರಿಗೆ ಕಾಣೋದಿಲ್ಲ, ಅದು ಕಾಣೋದು ಊರಿನವರಿಗೆ. ಅಂದ್ರೆ ಮೇಲಿನ ಕಣ್ಣೂ ಬೇಕು, ಊರಿನ ಕಣ್ಣೂ ಬೇಕು, ಎರಡೂ ನೋಡೋದು ಬೇರೆ ಬೇರೆ ವಿಷಯಗಳನ್ನು. 'ಆಡಿಟ್ ಅಥವಾ ಗ್ರಾಮಸಭೆ' ಅಂತ ಬರೆಯುವ ಉತ್ತರ ಎಡವೋದು ಇಲ್ಲೇ.

ನಮ್ಮ ರಾಜ್ಯದಲ್ಲಿ ಈ ಎರಡು ಕಣ್ಣನ್ನೂ ಒಟ್ಟಿಗೆ ತರುವ ವ್ಯವಸ್ಥೆ ಕಾಗದದ ಮೇಲೆ ಈಗಾಗಲೇ ಇದೆ. ಗ್ರಾಮ ಪಂಚಾಯಿತಿಯಲ್ಲಿ ವರ್ಷಕ್ಕೊಮ್ಮೆ ಜಮಾಬಂದಿ ಆಗಬೇಕು. ಹೊರಗಿನ ಅಧಿಕಾರಿ ಬಂದು, ಜನರ ಎದುರಿಗೇ ಪುಸ್ತಕದ ಲೆಕ್ಕವನ್ನೂ ಮಾಡಿದ ಕಾಮಗಾರಿಯನ್ನೂ ತಾಳೆ ನೋಡಬೇಕು. ಅದು ಫೋಟೋ ತೆಗೆಸಿಕೊಂಡು ಸಹಿ ಹಾಕುವ ಕಾರ್ಯಕ್ರಮವಾದರೆ ಜಾವಾದ ಆಹ್ವಾನ ಪತ್ರದಷ್ಟೇ ಅದರ ಬೆಲೆ. ಮೆಷರ್‌ಮೆಂಟ್ ಬುಕ್ ಹಿಡಿದು ಚರಂಡಿ ಎಷ್ಟು ಮೀಟರ್ ಉದ್ದ, ಕಾಂಕ್ರೀಟ್ ಎಷ್ಟು ದಪ್ಪ ಅಂತ ಸ್ಥಳದಲ್ಲೇ ಟೇಪ್ ಹಿಡಿದರೆ ಅದರ ಬೆಲೆಯೇ ಬೇರೆ. 'ಮುಂದಿನ ದಾರಿ' ಅಂತ ಬರೆಯೋದಾದರೆ ಇದನ್ನು ಬರೆಯೋಣ.

ಪರೀಕ್ಷೆ ಬರೆಯದವರಿಗೂ ಇದು ಸಂಬಂಧಪಟ್ಟದ್ದೇ. ನಮ್ಮಲ್ಲೇ ಕೆಲವರು ನಾಳೆ ಪಂಚಾಯತ್ ರಾಜ್ ಎಂಜಿನಿಯರಿಂಗ್ ಇಲಾಖೆಯಲ್ಲೋ ಪಾಲಿಕೆಯಲ್ಲೋ ಕೆಲಸಕ್ಕೆ ಸೇರ್ತಾರೆ. ಆಗ ಆ ಮೆಷರ್‌ಮೆಂಟ್ ಬುಕ್‌ನಲ್ಲಿ ಅಳತೆ ಬರೆದು ಸಹಿ ಹಾಕೋರು ನಾವೇ. 100 ಮಿ.ಮೀ. ಇರೋ ಕಡೆ 150 ಅಂತ ಬರೆದರೆ ಗ್ರಾಮಸಭೆಯಲ್ಲಿ ಕೂತ ಯಾರಿಗೂ ಅದು ಕಾಣೋದಿಲ್ಲ.