ಕೆಂಪು 76, ಹಸಿರು 75

ವಿಜಯವಾಡದ ಬೆಂಜ್ ಸರ್ಕಲ್‌ನಲ್ಲಿ ಎರಡು ಹೆದ್ದಾರಿಗಳು ಕೂಡುತ್ತವೆ. ಒಂದು ಚೆನ್ನೈ–ಕೋಲ್ಕತ್ತ ನಡುವಿನ 16ನೇ ರಾಷ್ಟ್ರೀಯ ಹೆದ್ದಾರಿ. ಇನ್ನೊಂದು ಪುಣೆಯಿಂದ ಹೊರಟು, ನಮ್ಮ ಹುಮನಾಬಾದ್ ಹಾದು, ಹೈದರಾಬಾದ್ ದಾಟಿ ಮಚಲಿಪಟ್ನಕ್ಕೆ ಹೋಗುವ 65ನೆಯದು; ಊರೊಳಗೆ ಅದು ಬಂದರು ರಸ್ತೆ. ಇಲ್ಲಿನ ವಾಹನ ದಟ್ಟಣೆಯನ್ನು ಯಾರೋ ಒಬ್ಬ ಎಂಜಿನಿಯರಿಂಗ್ ವಿದ್ಯಾರ್ಥಿ ನಕ್ಷೆಯಲ್ಲಿ ತೋರಿಸುತ್ತಾನೆ ಎಂದುಕೊಳ್ಳೋಣ. ರಸ್ತೆ ಖಾಲಿಯಿದ್ದಲ್ಲಿ ಹಸಿರು, ಸಾಧಾರಣವಿದ್ದಲ್ಲಿ ಕಿತ್ತಳೆ, ಗಾಡಿಗಳು ನಿಂತುಬಿಟ್ಟಲ್ಲಿ ಕೆಂಪು. ಮೂಲೆಯಲ್ಲಿ ಮೂರು ಬಣ್ಣದ ಚೌಕಗಳ ಸೂಚಿ. ಪರದೆಯ ಮೇಲೆ ಚೆನ್ನಾಗಿಯೇ ಇದೆ. ವರದಿಯ ಐದು ಪ್ರತಿಗಳನ್ನು ಕಲರ್‌ನಲ್ಲಿ ತೆಗೆಸಲು ದುಡ್ಡು ಜಾಸ್ತಿ ಎಂದು ಅವನು ಕಪ್ಪು-ಬಿಳುಪು ಹೊಡೆಸುತ್ತಾನೆ. ಈಗ ಆ ನಕ್ಷೆಯಲ್ಲಿ ಖಾಲಿ ರಸ್ತೆಯೂ ಜಾಮ್ ಆದ ರಸ್ತೆಯೂ ಒಂದೇ.

ಇದು ಪ್ರಿಂಟರಿನ ತಪ್ಪಲ್ಲ, ಲೆಕ್ಕದ ಫಲ. ಬಣ್ಣವನ್ನು ಬೂದುವಿಗೆ ಇಳಿಸುವಾಗ ತಂತ್ರಾಂಶಗಳು ಸಾಮಾನ್ಯವಾಗಿ ಬಳಸುವ ಸೂತ್ರ ಇದು:

```
Y = 0.299 R + 0.587 G + 0.114 B
```

0 ಎಂದರೆ ಕಪ್ಪು, 255 ಎಂದರೆ ಬಿಳಿ. ಶುದ್ಧ ಕೆಂಪು (255, 0, 0) ಇದರಲ್ಲಿ 76 ಆಗುತ್ತದೆ. ವೆಬ್‌ನಲ್ಲಿ `green` ಎಂದು ಬರೆದರೆ ಸಿಗುವ ಹಸಿರು (0, 128, 0) ಆಗುವುದು 75. ಕಣ್ಣಿಗೆ ಒಂದಕ್ಕೊಂದು ವೈರಿಗಳಂತಿರುವ ಎರಡು ಬಣ್ಣಗಳ ನಡುವೆ ಉಳಿದದ್ದು ಒಂದೇ ಅಂಕ. ನಡುವಿನ ದಟ್ಟಣೆಗೆ ಹಾಕಿದ ಕಿತ್ತಳೆ (255, 165, 0) ಮಾತ್ರ 173ಕ್ಕೆ ಏರಿ ತೆಳ್ಳಗಾಗುತ್ತದೆ. ಅಂದರೆ ಓದುವವನಿಗೆ ಸಾಧಾರಣ ದಟ್ಟಣೆಯ ರಸ್ತೆಯೇ ಎಲ್ಲಕ್ಕಿಂತ ಖಾಲಿಯಾಗಿ ಕಾಣುತ್ತದೆ. ನಕ್ಷೆ ಬರೀ ಮಂಕಾದದ್ದಲ್ಲ, ಸುಳ್ಳು ಹೇಳುತ್ತಿದೆ.

“ಕೆಳಗೆ ಸೂಚಿ ಇದೆಯಲ್ಲ” ಎಂಬುದು ಇದಕ್ಕೆ ಯಾವಾಗಲೂ ಬರುವ ಉತ್ತರ. ಆದರೆ ಆ ಸೂಚಿಯೂ ಅದೇ ಪ್ರಿಂಟರಿನಿಂದ ಹೊರಬಂದದ್ದು. ಮೂರು ಚೌಕಗಳಲ್ಲಿ ಎರಡು ಒಂದೇ ಬೂದು. ಬೇರೆ ಬೇರೆ ಬೂದುಗಳೇ ಬಂದವು ಎಂದುಕೊಂಡರೂ ತೊಂದರೆ ತೀರುವುದಿಲ್ಲ. ಸುತ್ತಲಿನ ಬಿಳಿ ಎಷ್ಟು, ಗೆರೆ ಎಷ್ಟು ದಪ್ಪ ಎಂಬುದರ ಮೇಲೆ ಒಂದೇ ಬೂದು ನಮ್ಮ ಕಣ್ಣಿಗೆ ಬೇರೆಯಾಗಿ ಕಾಣುತ್ತದೆ. ಸೂಚಿಯಲ್ಲಿ ದೊಡ್ಡ ಚೌಕ, ನಕ್ಷೆಯಲ್ಲಿ ಒಂದು ಮಿಲಿಮೀಟರ್ ಗೆರೆ: ಇವೆರಡನ್ನು ಹೊಂದಿಸುವುದು ಬರೀ ಊಹೆ. ಸಾಲದ್ದಕ್ಕೆ ಲೇಸರ್ ಪ್ರಿಂಟರಿಗೆ ಬೂದು ಬಣ್ಣದ ಪುಡಿಯೇ ಇಲ್ಲ. ಅದು ಕಪ್ಪು ಚುಕ್ಕೆಗಳನ್ನು ಒತ್ತಾಗಿಯೋ ವಿರಳವಾಗಿಯೋ ಹಾಕಿ ಬೂದುವಿನ ಭ್ರಮೆ ಹುಟ್ಟಿಸುತ್ತದೆ. ತೆಳುವಾದ ಬೂದು ಗೆರೆ ಹಾಗಾಗಿ ಚುಕ್ಕೆಚುಕ್ಕೆಯಾಗಿ ಒಡೆಯುತ್ತದೆ. ಆ ಪುಟವನ್ನು ಮತ್ತೆ ಜೆರಾಕ್ಸ್ ಮಾಡಿಸಿದರೆ ತಿಳಿಬೂದು ಮಾಯವಾಗುತ್ತದೆ, ದಟ್ಟಬೂದು ಕಪ್ಪಿಗೆ ಸೇರುತ್ತದೆ.

ಹಾಗಾದರೆ ಬೆಂಜ್ ಸರ್ಕಲ್‌ನ ನಕ್ಷೆಯನ್ನು ಹೇಗೆ ಬಿಡಿಸಬೇಕಿತ್ತು? ಮೊದಲು ರಸ್ತೆಗಳ ಹೆಸರುಗಳನ್ನು ಸೂಚಿಯಿಂದ ಕಿತ್ತು ಗೆರೆಗಳ ಪಕ್ಕದಲ್ಲೇ ಬರೆಯಬೇಕು: ಇಲ್ಲಿ ಬಂದರು ರಸ್ತೆ, ಇಲ್ಲಿ 16ನೇ ಹೆದ್ದಾರಿ. ಆಮೇಲೆ ದಟ್ಟಣೆ. ಅದು ಕಡಿಮೆಯಿಂದ ಹೆಚ್ಚಿಗೆ ಏರುವ ಸಂಗತಿ, ಆದ್ದರಿಂದ ಬಣ್ಣವೂ ತಿಳಿಯಿಂದ ಗಾಢಕ್ಕೆ ಏರಬೇಕು. ಜೊತೆಗೆ ಗೆರೆಯೂ ದಪ್ಪವಾಗುತ್ತ ಹೋಗಬೇಕು. ಖಾಲಿ ರಸ್ತೆಗೆ ಕಪ್ಪು ಅಂಚಿನ ಬಿಳಿ ಪಟ್ಟಿ, ಸಾಧಾರಣಕ್ಕೆ 150ರ ಆಸುಪಾಸಿನ ಬೂದುವಾಗುವ ಯಾವುದಾದರೂ ಬಣ್ಣ, ಜಾಮ್ ಆದಲ್ಲಿ ಕಪ್ಪಿಗೆ ಹತ್ತಿರದ ಕಡುಗೆಂಪು. ಪರದೆಯ ಮೇಲೆ ಕೆಂಪು ಕೆಂಪಾಗಿಯೇ ಇರುತ್ತದೆ, ಕಾಗದದ ಮೇಲೆ ಕ್ರಮ ಕೆಡುವುದಿಲ್ಲ. ಸೂಚಿಯಲ್ಲಿ ಚೌಕದ ಬದಲು ನಕ್ಷೆಯಲ್ಲಿರುವಷ್ಟೇ ದಪ್ಪದ ಗೆರೆಯ ತುಂಡು ಸಾಕು. ಪ್ರತಿ ಪ್ರಿಂಟರಿನ ಲೆಕ್ಕವೂ ತುಸು ಬೇರೆ, ಹಾಗಾಗಿ ಎರಡು ಬೂದುಗಳ ನಡುವೆ 60ಕ್ಕಿಂತ ಕಡಿಮೆ ಅಂತರವನ್ನು ನಂಬದಿರುವುದು ಒಳ್ಳೆಯದು. ಮೂರು ಬೂದುಗಳಲ್ಲಿ ಮುಗಿಯದಿದ್ದರೆ ಒಂದೇ ನಕ್ಷೆಯೊಳಗೆ ಎರಡು ನಕ್ಷೆಗಳನ್ನು ತುರುಕಲಾಗಿದೆ ಎಂದರ್ಥ.

ಏರಿಳಿತವಿಲ್ಲದ ವಿಷಯಕ್ಕೆ ಈ ಉಪಾಯ ಹೊಂದುವುದಿಲ್ಲ. ಬೆಂಗಳೂರು ಮೆಟ್ರೊದ ನೇರಳೆ ಮಾರ್ಗ ಹಸಿರು ಮಾರ್ಗಕ್ಕಿಂತ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ವೆಬ್‌ನ `purple` ಬೂದುವಾದರೆ 53, `green` ಅದೇ 75. `yellow` 226, ಬಿಳಿ ಕಾಗದದಲ್ಲಿ ಹುಡುಕಬೇಕು. ಇಂಥಲ್ಲಿ ಗೆರೆಯ ಸ್ವರೂಪವೇ ಬೇರೆಯಾಗಬೇಕು: ಒಂದು ಗಟ್ಟಿ ಗೆರೆ, ಒಂದು ತುಂಡು ಗೆರೆ, ಹಳದಿಗೆ ಎರಡೂ ಬದಿ ಕಪ್ಪು ಅಂಚು.

ಇನ್ನು ಚಿತ್ರದ ಪಕ್ಕದ ಬರಹ. “ಕೆಂಪಿನಲ್ಲಿ ತೋರಿಸಿದ ಭಾಗವನ್ನು ಗಮನಿಸಿ” ಎಂಬ ವಾಕ್ಯ ಇಂಗ್ಲಿಷಿನಿಂದ ಕನ್ನಡಕ್ಕೆ ಒಂದಕ್ಷರ ಕೆಡದೆ ಬರುತ್ತದೆ, ಅಚ್ಚಾಗುವ ಪುಸ್ತಕ ಒಂದೇ ಬಣ್ಣದ್ದಾದರೂ. ಅನುವಾದಕರು ಅಲ್ಲಿ “ಬಂದರು ರಸ್ತೆಯ ದಪ್ಪ ಗೆರೆ” ಎಂದು ಬರೆದರೆ ಮೂಲಕ್ಕೆ ದ್ರೋಹವಾಗುವುದಿಲ್ಲ. ಕೆಂಪು-ಹಸಿರು ಗುರುತಿಸಲಾಗದ ಓದುಗನಿಗೆ ಬಣ್ಣದ ಪ್ರತಿಯಲ್ಲೂ ಹಿಡಿದುಕೊಳ್ಳಲು ಅದೊಂದೇ ಸಿಗುತ್ತದೆ.