ಹೆಸರಿಲ್ಲದೆಯೂ ಗುರುತು ಹೇಳುವ ಸೂಚನಾಪತ್ರ

ಮಾನ್ಯ ಕ್ಷೇತ್ರ ಶಿಕ್ಷಣಾಧಿಕಾರಿಗಳು, ಯಲಬುರ್ಗಾ ಇವರಿಗೆ,

ಶಾಲೆಯಲ್ಲಿ ಮಕ್ಕಳೇ ಮಕ್ಕಳಿಗೆ ಕಿರುಕುಳ ಕೊಟ್ಟ ಪ್ರಕರಣ ಬೆಳಕಿಗೆ ಬಂದಾಗ ಮುಖ್ಯೋಪಾಧ್ಯಾಯರು ಪಾಲಕರಿಗೆ ಕಳುಹಿಸುವ ಸೂಚನಾಪತ್ರ ಹೇಗಿರಬೇಕೆಂಬ ಬಗ್ಗೆ ತಾಲ್ಲೂಕಿನ ಎಲ್ಲ ಶಾಲೆಗಳಿಗೆ ಒಂದು ಸುತ್ತೋಲೆ ಹೊರಡಿಸಬೇಕೆಂಬುದು ಈ ಪತ್ರದ ಕೋರಿಕೆ. ಇಲ್ಲಿ ಕಿರುಕುಳವೆಂದರೆ ಸಮಬಲದ ಇಬ್ಬರು ಒಂದು ದಿನ ಮೈದಾನದಲ್ಲಿ ಕೈ ಮಿಲಾಯಿಸಿದ್ದಲ್ಲ. ವಯಸ್ಸಿನಲ್ಲೋ ಸಂಖ್ಯೆಯಲ್ಲೋ ಜಾತಿಯ ಬಲದಲ್ಲೋ ಮೇಲಿರುವವರು ಎದುರಾಡಲಾಗದ ಮಗುವನ್ನು ಬೇಕೆಂದೇ ಮತ್ತೆ ಮತ್ತೆ ಕಾಡುವುದನ್ನು ಕಿರುಕುಳವೆನ್ನುತ್ತಾರೆ. ನಾರ್ವೆಯ ಮನೋವಿಜ್ಞಾನಿ ಡಾನ್ ಓಲ್ವೇಯಸ್ ಅವರ ಸಂಶೋಧನೆಯಿಂದ ಬಂದ ಈ ವ್ಯಾಖ್ಯೆಯೇ ಇಂದು ಹೆಚ್ಚಾಗಿ ಬಳಕೆಯಲ್ಲಿದೆ. 1983ರ ಕರ್ನಾಟಕ ಶಿಕ್ಷಣ ಕಾಯ್ದೆಯು ರ‍್ಯಾಗಿಂಗ್ ಎಂಬುದನ್ನು ವಿವರಿಸುವಾಗ, ತಮಾಷೆಯ ಹೆಸರಿನಲ್ಲಿ ಮಾಡಿದರೂ ವಿದ್ಯಾರ್ಥಿಯ ಮಾನವ ಘನತೆಗೆ ಕುಂದು ತರುವ ಅಥವಾ ಅವನನ್ನು ನಗೆಪಾಟಲಿಗೆ ಈಡುಮಾಡುವ ಬಲವಂತದ ಕೃತ್ಯವನ್ನು ಅದರಲ್ಲಿ ಸೇರಿಸಿರುವುದರಿಂದ, "ಹುಡುಗರು ತಮಾಷೆಗೆ ಮಾಡಿದ್ದು" ಎಂಬ ಸಮಜಾಯಿಷಿಗೆ ಸೂಚನಾಪತ್ರದಲ್ಲಿ ಸ್ಥಳವಿಲ್ಲ.

ಇಂಥ ಪತ್ರ ಬರೆಯುವವರು ಸಾಮಾನ್ಯವಾಗಿ ಮಗುವಿನ ಹೆಸರನ್ನು ಬಿಟ್ಟರೆ ಗೋಪ್ಯತೆ ಉಳಿಯಿತೆಂದು ಭಾವಿಸುತ್ತಾರೆ. ಮಕ್ಕಳ ಪಾಲನೆ ಮತ್ತು ರಕ್ಷಣೆಗೆ ಸಂಬಂಧಿಸಿದ 2015ರ ಬಾಲನ್ಯಾಯ ಕಾಯ್ದೆಯ 74ನೆಯ ಕಲಮು ಅಷ್ಟಕ್ಕೆ ನಿಲ್ಲುವುದಿಲ್ಲ. ವಿಚಾರಣೆ ಅಥವಾ ತನಿಖೆಗೆ ಒಳಪಟ್ಟ ಪ್ರಕರಣದ ವರದಿಯಲ್ಲಿ ನೊಂದ ಮಗು, ಆರೋಪ ಹೊತ್ತ ಮಗು, ಸಾಕ್ಷಿಯಾದ ಮಗು ಈ ಮೂವರ ಹೆಸರು, ವಿಳಾಸ, ಶಾಲೆ ಮಾತ್ರವಲ್ಲದೆ, ಗುರುತು ಹಿಡಿಯಲು ದಾರಿಯಾಗುವ ಬೇರೆ ಯಾವ ವಿವರವನ್ನೂ ಪ್ರಕಟಿಸಬಾರದೆಂದು ಅದು ಹೇಳುತ್ತದೆ. ಯಲಬುರ್ಗಾದಂಥ ತಾಲ್ಲೂಕಿನಲ್ಲಿ ಈ ಕೊನೆಯ ಮಾತಿನದೇ ಹೆಚ್ಚು ತೂಕ. ನಗರದ ದೊಡ್ಡ ಶಾಲೆಯಲ್ಲಿ "ಎಂಟನೆಯ ತರಗತಿಯ ಒಬ್ಬ ವಿದ್ಯಾರ್ಥಿ" ಎಂದರೆ ನೂರಾರು ಮಕ್ಕಳಲ್ಲಿ ಒಬ್ಬ. ಇಲ್ಲಿ "ಬೆಳಗಿನ ಬಸ್ಸಿಗೆ ಬರುವ ಎಂಟನೆಯ ತರಗತಿಯ ವಿದ್ಯಾರ್ಥಿ" ಎಂದರೆ ಊರು, ಮನೆ, ತಂದೆಯ ಹೆಸರು ಎಲ್ಲವೂ ಹೇಳಿದಂತೆಯೇ ಆಯಿತು. "ಹಾಸ್ಟೆಲಿನ ಹುಡುಗ" ಎಂದರೆ, ಅದು ಯಾವ ಇಲಾಖೆಯ ಹಾಸ್ಟೆಲು ಎಂಬುದು ಎಲ್ಲರಿಗೂ ಗೊತ್ತಿರುವುದರಿಂದ, ಹೆಚ್ಚುಕಡಿಮೆ ಜಾತಿಯನ್ನೇ ಬರೆದಂತೆ. ಆದ್ದರಿಂದ ಕರಡು ಸಿದ್ಧವಾದ ಮೇಲೆ ಪ್ರಕರಣ ಗೊತ್ತಿಲ್ಲದ ಒಬ್ಬ ಸಿಬ್ಬಂದಿಗೆ ಅದನ್ನು ಓದಲು ಕೊಟ್ಟು, ಯಾವ ಮಗುವೆಂದು ಅವರು ಊಹಿಸಬಲ್ಲರಾದರೆ ಆ ಊಹೆಗೆ ಎಡೆಕೊಟ್ಟ ವಿವರವನ್ನು ಹೊಡೆದುಹಾಕುವುದು ಸುಲಭವಾದ ಪರೀಕ್ಷೆ.

ಇಷ್ಟು ಎಚ್ಚರ ವಹಿಸಿದರೆ ಪತ್ರದಲ್ಲಿ ಹೇಳಲು ಏನು ಉಳಿಯುತ್ತದೆ ಎಂಬ ಆಕ್ಷೇಪ ಸಹಜವೇ. "ಶಾಲೆಯಲ್ಲಿ ನಡೆದ ಅಹಿತಕರ ಘಟನೆಯ ಬಗ್ಗೆ ಸೂಕ್ತ ಕ್ರಮ ಕೈಗೊಳ್ಳಲಾಗಿದೆ" ಎಂಬ ಕಚೇರಿ ವಾಕ್ಯ ಹುಟ್ಟುವುದು ಈ ಗೊಂದಲದಿಂದಲೇ. ಅದನ್ನು ಓದಿದ ಪಾಲಕರು ಏನೂ ತಿಳಿಯದೆ, ಎಲ್ಲವನ್ನೂ ಊಹಿಸಿಕೊಂಡು, ಸಂಜೆಯೊಳಗೆ ಕಟ್ಟೆಯ ಮೇಲೆ ಬೇರೊಂದು ಕಥೆ ಕಟ್ಟಿರುತ್ತಾರೆ. ಮಕ್ಕಳ ವಿಷಯದಲ್ಲಿ ಪತ್ರ ಎಷ್ಟು ಜಿಪುಣವಾಗಿರಬೇಕೋ ಶಾಲೆ ಮಾಡಿದ ಕೆಲಸದ ವಿಷಯದಲ್ಲಿ ಅಷ್ಟೇ ಧಾರಾಳವಾಗಿರಬೇಕು. ಊಹೆಯ ಒಂದು ಪ್ರಕರಣವನ್ನು ತೆಗೆದುಕೊಂಡರೆ ಇದು ಸ್ಪಷ್ಟವಾಗುತ್ತದೆ: ಪ್ರೌಢಶಾಲೆಯೊಂದರ ಎಂಟನೆಯ ಮತ್ತು ಹತ್ತನೆಯ ತರಗತಿಯ ಕೆಲವರು ಒಂದು ಮಗುವನ್ನು ಬಹಳ ದಿನಗಳಿಂದ ಹೀಯಾಳಿಸಿ, ಅದರ ವಿಡಿಯೊವನ್ನು ವಾಟ್ಸಾಪಿನಲ್ಲಿ ಹರಿಬಿಟ್ಟಿದ್ದಾರೆಂದು ಇಟ್ಟುಕೊಳ್ಳಬಹುದು. ಸೂಚನಾಪತ್ರ ಹೀಗಿರಬಹುದು:

"ಶಾಲೆಯ ಕೆಲವು ಮಕ್ಕಳು ಇನ್ನೊಂದು ಮಗುವನ್ನು ಪದೇ ಪದೇ ಹೀಯಾಳಿಸಿ, ಅದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ಹಂಚಿದ್ದಾರೆಂಬ ದೂರು ಸೋಮವಾರ ಬಂದಿದೆ. ಅಂದೇ ಸಂಬಂಧಪಟ್ಟ ಪಾಲಕರೊಂದಿಗೆ ಪ್ರತ್ಯೇಕವಾಗಿ ಮಾತನಾಡಲಾಗಿದೆ. ವಿಡಿಯೊ ಇರುವುದು ದೃಢಪಟ್ಟಿದೆ. ಯಾರ ಪಾತ್ರ ಎಷ್ಟೆಂಬ ವಿಚಾರಣೆ ಇನ್ನೂ ಮುಗಿದಿಲ್ಲ. ಊಟದ ಬಿಡುವಿನಲ್ಲಿ ಮತ್ತು ಶಾಲೆ ಬಿಟ್ಟ ಮೇಲೆ ಬಸ್ಸು ಬರುವವರೆಗೆ ಒಬ್ಬ ಶಿಕ್ಷಕರು ಮಕ್ಕಳೊಂದಿಗೆ ಇರುತ್ತಾರೆ. ವಿಡಿಯೊ ಯಾರಿಗಾದರೂ ಬಂದಿದ್ದರೆ ಮುಂದಕ್ಕೆ ಕಳುಹಿಸದೆ ಮುಖ್ಯೋಪಾಧ್ಯಾಯರಿಗೆ ತಿಳಿಸಬೇಕು. ಮಕ್ಕಳ ಹೆಸರನ್ನು ಶಾಲೆ ಯಾರಿಗೂ ಹೇಳುವುದಿಲ್ಲ. ಪಾಲಕರೂ ಗುಂಪುಗಳಲ್ಲಿ ಚರ್ಚಿಸಬಾರದು. ಮುಂದಿನ ಮಾಹಿತಿಯನ್ನು ಬರುವ ಶುಕ್ರವಾರ ಕೊಡಲಾಗುವುದು."

ಈ ಕರಡಿನಲ್ಲಿ ತರಗತಿಯಿಲ್ಲ, ಊರಿಲ್ಲ, ಹಾಸ್ಟೆಲಿಲ್ಲ, ಹೀಯಾಳಿಕೆಯ ಮಾತುಗಳೂ ಇಲ್ಲ. ಆ ಮಾತುಗಳನ್ನು ಪತ್ರದಲ್ಲಿ ಉಲ್ಲೇಖಿಸುವುದೆಂದರೆ ಅವುಗಳನ್ನು ಇನ್ನೊಮ್ಮೆ ಹಂಚಿದಂತೆ. ಕ್ರಿಯಾಪದಗಳೂ ಅಳೆದು ಬಂದಿವೆ: "ದೂರು ಬಂದಿದೆ" ಎಂಬುದು ಕೇಳಿದ್ದು, "ದೃಢಪಟ್ಟಿದೆ" ಎಂಬುದು ಕಂಡದ್ದು, "ಮುಗಿದಿಲ್ಲ" ಎಂಬುದು ತಿಳಿಯಬೇಕಾದದ್ದು. ವಿಚಾರಣೆಗೆ ಮೊದಲೇ "ತಪ್ಪಿತಸ್ಥ ವಿದ್ಯಾರ್ಥಿಗಳು" ಎಂದು ಬರೆದ ಶಾಲೆಗೆ, ನಾಳೆ ಅವರಲ್ಲೊಬ್ಬನು ಕೇವಲ ಪಕ್ಕದಲ್ಲಿ ನಿಂತಿದ್ದನೆಂದು ತಿಳಿದಾಗ, ಆ ಮಾತನ್ನು ಹಿಂದಕ್ಕೆ ಪಡೆಯುವ ದಾರಿಯಿರುವುದಿಲ್ಲ.

ಪಾಲಕರು ಕೇಳುವ ಮೊದಲ ಪ್ರಶ್ನೆ "ಅವರಿಗೆ ಟಿ.ಸಿ. ಕೊಟ್ಟಿರಾ?" ಎಂಬುದು. ಒತ್ತಡಕ್ಕೆ ಮಣಿದು ಅಂಥ ಭರವಸೆಯನ್ನು ಪತ್ರದಲ್ಲಿ ಬರೆದುಬಿಡುವುದು ದೊಡ್ಡ ತಪ್ಪು. ಪ್ರಾಥಮಿಕ ಶಿಕ್ಷಣ, ಎಂದರೆ ಎಂಟನೆಯ ತರಗತಿ, ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲವೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೆಯ ಕಲಮೂ, ದೈಹಿಕ ಶಿಕ್ಷೆ ಮತ್ತು ಮಾನಸಿಕ ಹಿಂಸೆ ಕೂಡದೆಂದು 17ನೆಯ ಕಲಮೂ ಹೇಳುತ್ತವೆ. ಎಂಟರಿಂದ ಹತ್ತರವರೆಗಿನ ಪ್ರೌಢಶಾಲೆಯಲ್ಲಿ ಇದರಿಂದ ಒಂದು ವಿಚಿತ್ರ ಸ್ಥಿತಿ ಉಂಟಾಗುತ್ತದೆ: ಒಂದೇ ಕೃತ್ಯದಲ್ಲಿ ತೊಡಗಿದ ಎಂಟನೆಯ ತರಗತಿಯವನಿಗೆ ಇರುವ ರಕ್ಷಣೆ ಹತ್ತನೆಯ ತರಗತಿಯವನಿಗೆ ಈ ಕಾಯ್ದೆಯಿಂದ ದೊರೆಯುವುದಿಲ್ಲ. ಹೀಗಾಗಿ ಯಾರಿಗೆ ಯಾವ ಕ್ರಮವೆಂಬುದು ಆಯಾ ಕುಟುಂಬಕ್ಕೆ ಮಾತ್ರ ತಿಳಿಯಬೇಕಾದ ಸಂಗತಿ. ಸಾರ್ವಜನಿಕ ಪತ್ರದಲ್ಲಿ ಬರಬೇಕಾದದ್ದು ನೊಂದ ಮಗುವಿನ ಸುರಕ್ಷತೆಗೆ ಯಾವ ಹೊತ್ತಿನಲ್ಲಿ, ಯಾವ ಜಾಗದಲ್ಲಿ ಏನು ಬದಲಾಗಿದೆ ಎಂಬುದು.

ವಿಷಯ ಲೈಂಗಿಕ ಸ್ವರೂಪದ್ದಾಗಿದ್ದರೆ ಮೇಲಿನ ಕರಡು ಸಲ್ಲದು. 2012ರ ಪೋಕ್ಸೊ ಕಾಯ್ದೆಯ 19ನೆಯ ಕಲಮಿನಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಶಾಲೆ ತಾನೇ ವಿಚಾರಣೆ ನಡೆಸಿ ರಾಜಿ ಮಾಡಿಸುವಂತಿಲ್ಲ, ಪಾಲಕರಿಗೆ ಬರೆಯುವುದೇನಿದ್ದರೂ ವರದಿ ಸಲ್ಲಿಸಿದ ಮೇಲೆ, ಕೃತ್ಯದ ವರ್ಣನೆಯಿಲ್ಲದೆ. ಜಾತಿ ನಿಂದನೆಯ ದೂರಿದ್ದರೆ 1989ರ ದೌರ್ಜನ್ಯ ತಡೆ ಕಾಯ್ದೆ ಅನ್ವಯಿಸಬಹುದಾದ್ದರಿಂದ, ಊರ ಹಿರಿಯರನ್ನು ಕೂರಿಸಿ ಬಗೆಹರಿಸಲಾಗಿದೆಯೆಂದು ಬರೆಯುವುದು ಅಷ್ಟೇ ಅಪಾಯಕಾರಿ.

ಕೊನೆಯದಾಗಿ ಪತ್ರ ತಲುಪುವ ಕ್ರಮದ ಮಾತು. ಕೂಲಿ ಅರಸಿ ತಿಂಗಳುಗಟ್ಟಲೆ ಊರು ಬಿಡುವ ಗುಳೆ ಈ ಭಾಗದಲ್ಲಿ ಇಂದಿಗೂ ಇರುವುದರಿಂದ, ಶಾಲೆಯ ದಾಖಲೆಯಲ್ಲಿರುವ ಮೊಬೈಲ್ ಸಂಖ್ಯೆ ಬೆಂಗಳೂರಿನ ಕಟ್ಟಡವೊಂದರಲ್ಲಿ ದುಡಿಯುವ ತಂದೆಯದಾಗಿದ್ದು, ಮಗು ಇಲ್ಲಿ ಓದುಬರಹ ಬಾರದ ಅಜ್ಜಿಯೊಂದಿಗೆ ಇರಬಹುದು. ತನ್ನ ಮಗನ ಸುದ್ದಿಯನ್ನು ಆ ತಂದೆ ಗುಂಪಿನ ಸಂದೇಶದಲ್ಲಿ ಮೊದಲು ಓದುವಂತಾಗಬಾರದು. ಆದುದರಿಂದ ಸಂಬಂಧಪಟ್ಟ ಕುಟುಂಬಗಳಿಗೆ ಫೋನು ಮಾಡಿ, ಕರಡನ್ನು ಓದಿ ಹೇಳಿದ ಬಳಿಕವೇ ಪತ್ರ ಹೊರಡಬೇಕೆಂದೂ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯರಿಗೂ ಹೆಸರು ಹೇಳಬಾರದೆಂದೂ, ಓದಲು ಬಾರದವರಿಗಾಗಿ ಪಾಲಕರ ಸಭೆಯಲ್ಲಿ ಅದನ್ನು ಗಟ್ಟಿಯಾಗಿ ಓದಬೇಕೆಂದೂ, ಹೇಳಿದ ಶುಕ್ರವಾರದಂದು ವಿಚಾರಣೆ ಮುಗಿಯದಿದ್ದರೂ ಮುಗಿದಿಲ್ಲವೆಂಬ ಎರಡನೆಯ ಪತ್ರ ತಪ್ಪದೆ ಹೋಗಬೇಕೆಂದೂ ತಮ್ಮ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಬೇಕೆಂದು ವಿನಂತಿಸಲಾಗಿದೆ.