ಒಂದು ರಾಜೀನಾಮೆಯ ಕಾಗದ

ಕೆಲಸ ಕೇಳುವ ಅರ್ಜಿಯನ್ನು ಜನರು ನಾಲ್ಕು ಬಾರಿ ತಿದ್ದಿ ಬರೆಯುವರು. ಕೆಲಸ ಬಿಡುವ ಕಾಗದಕ್ಕೆ ಮಾತ್ರ ‘ಸ್ವಂತ ಕಾರಣಗಳಿಂದ’ ಎಂಬ ಎರಡು ಪದಗಳೇ ಸಾಕೆಂದು ಭಾವಿಸುವರು. ಹಾಗೆ ಭಾವಿಸದ ಒಬ್ಬಾತ ರಾಬರ್ಟ್ ನಾಯ್ಸ್. 1968ರ ಜೂನ್ ತಿಂಗಳಿನಲ್ಲಿ, ತನ್ನ ನಲವತ್ತನೆಯ ವಯಸ್ಸಿನಲ್ಲಿ, ಆತನು ಶೆರ್ಮನ್ ಫೇರ್‌ಚೈಲ್ಡ್ ಎಂಬ ಧಣಿಗೆ ಬರೆದ ರಾಜೀನಾಮೆ ಓದತಕ್ಕ ಕಾಗದ.

ನಾಯ್ಸ್ ಕಲಿತದ್ದು ಭೌತವಿಜ್ಞಾನವಾದರೂ ವೃತ್ತಿಯಿಂದ ಎಂಜಿನಿಯರನೇ ಆಗಿದ್ದನು. ಒಂದೇ ಸಿಲಿಕಾನ್ ಚೂರಿನ ಮೇಲೆ ಇಡೀ ವಿದ್ಯುನ್ಮಂಡಲವನ್ನು ರಚಿಸುವ ವಿಧಾನವನ್ನು 1959ರಲ್ಲಿ ರೂಪಿಸಿದವನು ಆತನು. ಕ್ಯಾಲಿಫೋರ್ನಿಯಾದ ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಕಾರ್ಖಾನೆ ಆತನ ಕೈಕೆಳಗೇ ಬೆಳೆದಿತ್ತು. ಸಂಬಳಕ್ಕಾಗಲೀ ಗೌರವಕ್ಕಾಗಲೀ ಕೊರತೆಯಿರಲಿಲ್ಲ.

ಆದರೂ ಕಾಗದದಲ್ಲಿ ಆತನು ತೋಡಿಕೊಂಡ ಅಳಲು ವಿಚಿತ್ರವಾದುದು. ಸಂಸ್ಥೆ ದೊಡ್ಡದಾದಂತೆಲ್ಲ ದಿನದ ಕೆಲಸದಲ್ಲಿನ ಸಂತೋಷ ಕಡಿಮೆಯಾಗುತ್ತ ಬಂದಿತಂತೆ. ಆತನು ಬೆಳೆದುದು ಅಯೋವಾ ಪ್ರಾಂತದ ಸಣ್ಣ ಊರುಗಳಲ್ಲಿ. ಅವುಗಳಲ್ಲಿ ಅತಿ ದೊಡ್ಡ ಊರಿನ ಜನಸಂಖ್ಯೆಯ ಎರಡರಷ್ಟು ಮಂದಿ ಈಗ ಕಾರ್ಖಾನೆಯಲ್ಲಿದ್ದರು. ಆಡಳಿತ ಕಡಿಮೆಯಿದ್ದು, ಕೈಯಾರೆ ಏನನ್ನಾದರೂ ಕಟ್ಟುತ್ತಿದ್ದ ಮೊದಲ ದಿನಗಳಿಗಾಗಿ ತನ್ನ ಮನಸ್ಸು ಹಂಬಲಿಸುತ್ತಿದೆಯೆಂದು ಆತನು ಬರೆದನು. ಮುಂದಿನ ಯೋಜನೆ ಇನ್ನೂ ಅಸ್ಪಷ್ಟ; ಸ್ವಲ್ಪ ದಿನ ವಿಶ್ರಾಂತಿ ಪಡೆದು, ಯಾರೂ ಮಾಡದ ವಸ್ತುವನ್ನು ಮಾಡುವ ಸಣ್ಣ ಸಂಸ್ಥೆಯನ್ನು ಸೇರುವೆನು, ಇಲ್ಲವೇ ತಾನೇ ಸ್ಥಾಪಿಸುವೆನು; ಫೇರ್‌ಚೈಲ್ಡ್‌ನೊಡನೆ ಬರಿಯ ಪೈಪೋಟಿಗೆ ಇಳಿಯುವ ಉದ್ದೇಶ ತನಗಿಲ್ಲ — ಇದು ಕಾಗದದ ಸಾರಾಂಶ.

ಇದರಲ್ಲಿ ಸುಳ್ಳೆನ್ನಬಹುದಾದುದು ಸ್ವಲ್ಪ, ಹೇಳದೆ ಬಿಟ್ಟದ್ದು ಬಹಳ. ಹಿಂದಿನ ವರ್ಷ ತೆರವಾದ ಮೂಲ ಸಂಸ್ಥೆಯ ಪರಮಾಧಿಕಾರ ತನಗೆ ದೊರೆಯಲಿಲ್ಲವೆಂಬ ನೋವಿನ ಮಾತು ಅಲ್ಲಿ ಬರಲೇ ಇಲ್ಲ. ‘ಅಸ್ಪಷ್ಟ’ವೆಂಬುದಂತೂ ವಿನಯದ ಮಾತು. ಪ್ರಯೋಗಶಾಲೆಯ ಮುಖ್ಯಸ್ಥನಾದ ಗಾರ್ಡನ್ ಮೂರನೊಡನೆ ಸಮಾಲೋಚನೆ ಆಗಲೇ ನಡೆದಿತ್ತು. ಒಂದು ತಿಂಗಳು ತುಂಬುವುದರೊಳಗೆ, ಜುಲೈ 18ರಂದು, ಹೊಸ ಸಂಸ್ಥೆ ನೋಂದಣಿಯಾಯಿತು. ಅದೇ ಇಂಟೆಲ್. ಗೆಳೆಯರಿಬ್ಬರೂ ತಲಾ ಸುಮಾರು ಎರಡೂವರೆ ಲಕ್ಷ ಡಾಲರುಗಳನ್ನು ಹಾಕಿದರು. ಆರ್ಥರ್ ರಾಕ್ ಎಂಬ ಹಣಕಾಸುಗಾರನು ಇತರರಿಂದ 25 ಲಕ್ಷವನ್ನು ಕೂಡಿಸಿಕೊಟ್ಟನು.

ಪೈಪೋಟಿ ಮಾಡೆನೆಂಬ ಮಾತಿನ ಗತಿಯೇನಾಯಿತು? ಇದೇ ಸ್ವಾರಸ್ಯದ ಪ್ರಶ್ನೆ. ಆ ಕಾಲದ ಗಣಕಯಂತ್ರಗಳ ಸ್ಮೃತಿಭಂಡಾರವೆಂದರೆ, ಸಾಸಿವೆಯಂಥ ಅಯಸ್ಕಾಂತದ ಉಂಗುರಗಳನ್ನು ತಂತಿಯಲ್ಲಿ ಪೋಣಿಸಿದ ಬಲೆ. ಸಿಲಿಕಾನ್ ಸ್ಮೃತಿ ಅದಕ್ಕಿಂತ ಬಹಳ ದುಬಾರಿ. ಆದಕಾರಣ ಮಾರುವ ಸರಕಾಗಿ ಅದನ್ನು ದೊಡ್ಡ ಪ್ರಮಾಣದಲ್ಲಿ ಯಾರೂ ಕೈಗೆತ್ತಿಕೊಂಡಿರಲಿಲ್ಲ. ಇಂಟೆಲ್ ಆ ಖಾಲಿ ಜಾಗಕ್ಕೇ ಕೈ ಹಾಕಿತು. ಅಷ್ಟರಮಟ್ಟಿಗೆ ನಾಯ್ಸ್ ಮಾತು ಉಳಿಸಿಕೊಂಡನು.

ಆದರೆ ಅದಕ್ಕೆ ಬೇಕಾದ ವಿದ್ಯೆ ಎಲ್ಲಿಯದು? ಸಿಲಿಕಾನಿನಲ್ಲಿ ಸಣ್ಣ ಸ್ವಿಚ್ಚುಗಳನ್ನು ಮಾಡುವಾಗ ಪ್ರವಾಹವನ್ನು ತಡೆದು ಬಿಡುವ ‘ಗೇಟ್’ ಎಂಬ ಪಟ್ಟಿ ಬೇಕು. ಅದು ಅಲ್ಯೂಮಿನಿಯಮ್ಮಿನದಾದರೆ ಕುಲುಮೆಯ ಬೇಗೆಗೆ ನಿಲ್ಲದು; ಆದ್ದರಿಂದ ಕುಲುಮೆಯ ಕೆಲಸ ಮುಗಿದ ಮೇಲೆ ಅದನ್ನು ಅಂದಾಜಿನಿಂದ ಕೂರಿಸಬೇಕು, ಜಾಗ ತಪ್ಪೀತೆಂದು ಅಗಲವಾಗಿಯೇ ಇಡಬೇಕು. ಗೇಟನ್ನೂ ಸಿಲಿಕಾನಿನಿಂದಲೇ ಮಾಡಿದರೆ ಅದು ಶಾಖವನ್ನು ತಡೆಯುತ್ತದೆ. ಮೊದಲೇ ಇಟ್ಟರೆ, ರಂಗೋಲಿಯ ಅಚ್ಚಿನಂತೆ, ತನ್ನ ಅಂಚಿನ ಗುರುತನ್ನು ತಾನೇ ಹಾಕಿಕೊಡುತ್ತದೆ. ಚೂರು ಚಿಕ್ಕದಾಗುತ್ತದೆ, ವೇಗ ಹೆಚ್ಚುತ್ತದೆ. ಈ ವಿಧಾನವನ್ನು 1968ರಲ್ಲಿ ಫೆಡೆರಿಕೊ ಫಾಜಿನ್ ಎಂಬ ತರುಣನು ತಯಾರಿಕೆಗೆ ಯೋಗ್ಯವಾಗುವಂತೆ ಹದಗೊಳಿಸಿದುದು ಮೂರನ ಪ್ರಯೋಗಶಾಲೆಯಲ್ಲಿ, ಎಂದರೆ ಫೇರ್‌ಚೈಲ್ಡ್‌ನಲ್ಲಿಯೇ! ಕಾಗದದಲ್ಲಿ ಸರಕಿನ ಮಾತಿತ್ತು. ತಲೆಯೊಳಗೆ ಹೊತ್ತೊಯ್ದ ತಿಳಿವಿನ ಮಾತಿರಲಿಲ್ಲ. ಧಣಿಗಳಾದವರು ಇಂತಹ ಕಾಗದವನ್ನು ಓದುವಾಗ ಗಮನಿಸಬೇಕಾದುದು ಈ ಸಂದನ್ನೇ.

ಹಾಗೆಂದು ಹೊತ್ತೊಯ್ದ ತಿಳಿವಿನಿಂದಲೇ ಕಾರ್ಖಾನೆ ನಡೆಯಲಿಲ್ಲ. ಚೂರಿನ ಮೇಲ್ಮೈಯಲ್ಲಿ ಕಡಿದಾದ ಮೆಟ್ಟಿಲುಗಳಿದ್ದವು. ಅವುಗಳನ್ನು ಹತ್ತಿಳಿಯುವ ಲೋಹದ ಎಳೆ ಅಂಚಿನಲ್ಲಿ ಬಿರಿಯುತ್ತಿತ್ತು. ಪ್ರವಾಹ ಅಲ್ಲಿಗೇ ನಿಂತು, ಪರೀಕ್ಷೆಯಲ್ಲಿ ಚೂರು ಸತ್ತಿರುತ್ತಿತ್ತು. ಇಂಟೆಲ್ಲಿನವರು ರಂಜಕ ಬೆರೆತ ಗಾಜಿನ ಪೊರೆಯೊಂದನ್ನು ಹೊದಿಸಿ, ಅದು ಮೆದುವಾಗುವಂತೆ ಕಾಸಿದರು. ಗಾಜು ಮೆಲ್ಲಗೆ ಹರಿದು ಮೆಟ್ಟಿಲಿನ ಅಂಚುಗಳನ್ನು ದುಂಡಗಾಗಿಸಿತು. ಎಳೆ ಬಿರಿಯುವುದು ನಿಂತಿತು. ಈ ಉಪಾಯವನ್ನು ಅವರು ಗುಟ್ಟಾಗಿಟ್ಟರು. ಗುಟ್ಟು ಹೊರಹೋಗುವ ಬಗೆಯನ್ನು ಅವರಿಗಿಂತ ಚೆನ್ನಾಗಿ ಬಲ್ಲವರಾದರೂ ಯಾರು?

1970ರಲ್ಲಿ ಬಂದ 1103 ಎಂಬ ಚೂರು 1024 ಅಂಕಗಳನ್ನು ಹಿಡಿದಿಡಬಲ್ಲುದಾಗಿತ್ತು. ಉಂಗುರಗಳ ಬಲೆಯ ಕಾಲ ಅಲ್ಲಿಂದ ಕಳೆಯುತ್ತ ಬಂದಿತು. 1975ರಲ್ಲಿ ನಾಯ್ಸ್ ದೈನಂದಿನ ಆಡಳಿತವನ್ನು ಮೂರನಿಗೊಪ್ಪಿಸಿದನು. ಸಣ್ಣದಾಗಿಯೇ ಉಳಿಯಬೇಕೆಂದಿದ್ದ ಆ ಸಂಸ್ಥೆಯ ಹಾಜರಿ ಪಟ್ಟಿ, 1980ರ ಹೊತ್ತಿಗೆ, ಆತನು ಬೆಳೆದ ಊರಿನ ಜನಸಂಖ್ಯೆಯನ್ನು ಮೀರಿತ್ತು.